ಮೈಯಲ್ಲೇ ಇಷ್ಟು ಕೊಬ್ಬಿರುವಾಗ ತರಕಾರಿಗೆ ಎಣ್ಣೆ ಯಾಕೆ?

ಪ್ರಶ್ನೆ: ಮೂರು ತಿಂಗಳಿಂದ ಮಧ್ಯಾಹ್ನ ಬರೀ ಹಸಿ ತರಕಾರಿ ತಿನ್ನುತ್ತಿದ್ದೇನೆ. ಕ್ಯಾರೆಟ್, ಪಾಲಕ್, ಟೊಮೆಟೊ, ಮೇಲೆ ನಿಂಬೆರಸ, ಉಪ್ಪು. ಎಣ್ಣೆ ಒಂದು ಹನಿಯೂ ಇಲ್ಲ. ಹೀಗೆ ತಿಂದರೆ ವಿಟಮಿನ್ ಮೈಗೆ ಹತ್ತುವುದಿಲ್ಲ ಅಂತ ಗೆಳತಿ ಹೇಳುತ್ತಾಳೆ. ನನ್ನ ಮೈಯಲ್ಲೇ ಬೇಕಾದಷ್ಟು ಕೊಬ್ಬಿದೆ. ವಿಟಮಿನ್ ಅದರಲ್ಲೇ ಕರಗಬಾರದಾ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ನಾನು ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ "ಒಂದು ಚಮಚ ಎಣ್ಣೆ ಹಾಕಿಕೊಳ್ಳಿ" ಅಂತ ಎರಡು ಸಾಲು ಬರೆದು ಮುಗಿಸುತ್ತಿದ್ದೆ. ಅಷ್ಟರಿಂದ ನಿಮ್ಮ ಕೊನೆಯ ವಾಕ್ಯದಲ್ಲಿರುವ ನಂಬಿಕೆ ಅಲುಗಾಡುವುದಿಲ್ಲ ಅಂತ ಈಗ ಗೊತ್ತಾಗಿದೆ. ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಯಾವ ವಿಟಮಿನ್ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದು ಮೊದಲು ಸ್ಪಷ್ಟವಾಗಲಿ. ಸಿ ಮತ್ತು ಬಿ ಗುಂಪಿನವು ನೀರಿನಲ್ಲಿ ಕರಗುತ್ತವೆ. ಅವುಗಳಿಗೆ ಎಣ್ಣೆ ಬೇಡ. ನಿಮ್ಮ ನಿಂಬೆರಸದ ವಿಟಮಿನ್ ಸಿ ಆರಾಮವಾಗಿ ಮೈಗೆ ಸೇರುತ್ತಿದೆ. ಕೊಬ್ಬಿನಲ್ಲಿ ಕರಗುವವು ಎ, ಡಿ, ಇ, ಕೆ. ಇದರಲ್ಲಿ ಡಿ ತರಕಾರಿಯಲ್ಲಿ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಕೆ ಸೊಪ್ಪಿನಲ್ಲಿ ಧಾರಾಳ. ಎ ಮಾತ್ರ ತರಕಾರಿಯಲ್ಲಿ ನೇರವಾಗಿ ಇರುವುದಿಲ್ಲ, ಅದರ ಕಚ್ಚಾ ಸಾಮಗ್ರಿ ಇರುತ್ತದೆ. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಅದೇ. ಕರುಳಿನ ಗೋಡೆಯ ಜೀವಕೋಶ ಅದನ್ನು ಕತ್ತರಿಸಿ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಈ ಉತ್ತರ ಮುಗಿಯುವವರೆಗೆ ಈ ಕ್ಯಾರೋಟಿನ್ ಒಂದನ್ನೇ ಹಿಂಬಾಲಿಸೋಣ.

ಒಂದು ಕ್ಯಾರೆಟ್ ತುರಿಯಿರಿ. ಅರ್ಧ ತುರಿಯನ್ನು ನೀರಿನಲ್ಲಿ ಹಾಕಿ ಕಲಕಿ, ತೆಳು ಬಟ್ಟೆಯಲ್ಲಿ ಸೋಸಿ ಸ್ವಲ್ಪ ಹೊತ್ತು ಬಿಡಿ. ಬಣ್ಣದ ಚೂರುಗಳು ತಳಕ್ಕೆ ಇಳಿಯುತ್ತವೆ, ಮೇಲಿನ ನೀರು ತಿಳಿಯಾಗುತ್ತಾ ಬರುತ್ತದೆ. ಉಳಿದ ತುರಿಯನ್ನು ಎರಡು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಎಣ್ಣೆಯೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಎಷ್ಟು ಹೊತ್ತು ಇಟ್ಟರೂ ಆ ಬಣ್ಣ ತಳಕ್ಕೆ ಇಳಿಯುವುದಿಲ್ಲ. ಟೊಮೆಟೊ ಗೊಜ್ಜು ಇಟ್ಟ ಪ್ಲಾಸ್ಟಿಕ್ ಡಬ್ಬಿ ಕೆಂಪಾಗಿ ಎಷ್ಟು ತೊಳೆದರೂ ಹೋಗುವುದಿಲ್ಲ ಅಲ್ವಾ? ಅದೂ ಕ್ಯಾರೋಟಿನ್ ಸಂಬಂಧಿಯೇ. ನೀರನ್ನು ಒಲ್ಲದು, ಜಿಡ್ಡನ್ನು ಬಿಡದು. ನಿಮ್ಮ ಕರುಳಿನಲ್ಲಿ ಇರುವುದು ಮುಖ್ಯವಾಗಿ ನೀರು. ತೊಂದರೆ ಇರುವುದೇ ಅಲ್ಲಿ.

ಇನ್ನು ಆ ನಂಬಿಕೆಗೆ ಬರುತ್ತೇನೆ. ಮೈಯಲ್ಲಿ ಕೊಬ್ಬಿದೆ, ಕ್ಯಾರೋಟಿನ್ ಕೊಬ್ಬಿನಲ್ಲಿ ಕರಗುತ್ತದೆ, ಆದ್ದರಿಂದ ಸರಿಹೋಯಿತು ಅನ್ನುವ ತರ್ಕ. ಕೇಳಲು ಚೆನ್ನಾಗಿದೆ. ಆದರೆ ಆ ಕೊಬ್ಬು ಎಲ್ಲಿದೆ, ಕ್ಯಾರೋಟಿನ್ ಎಲ್ಲಿದೆ ಅಂತ ಯಾರೂ ನೋಡುವುದಿಲ್ಲ.

ಬಾಯಿಯಿಂದ ಗುದದ್ವಾರದವರೆಗೆ ನಮ್ಮೊಳಗೆ ಒಂದು ಉದ್ದ ಕೊಳವೆ ಇದೆ. ಮಗು ಒಂದು ಮಣಿ ನುಂಗಿದರೆ ಎರಡು ದಿನ ಬಿಟ್ಟು ಅದು ಹಾಗೇ ಹೊರಗೆ ಬರುತ್ತದೆ. ಆ ಮಣಿ ಹೊಟ್ಟೆಗೆ ಹೋಗಿತ್ತು, ಮೈಗೆ ಸೇರಿರಲಿಲ್ಲ. ನುಂಗಿದ ಕ್ಯಾರೆಟ್‌ಗೂ ಇದೇ ಮಾತು. ಕರುಳಿನ ಗೋಡೆ ದಾಟಿದರೆ ಮಾತ್ರ ಅದು ನಿಮ್ಮದು. ಸೊಂಟದ, ಹೊಟ್ಟೆಯ ಕೊಬ್ಬು ಇರುವುದು ಗೋಡೆಯ ಈಚೆ ಕಡೆ, ಜೀವಕೋಶಗಳೊಳಗೆ ತುಂಬಿಕೊಂಡು. ಹಸಿವಾದಾಗ, ಓಡಾಡಿದಾಗ ಆ ಕೊಬ್ಬು ಒಡೆದು ರಕ್ತಕ್ಕೆ ಇಳಿಯುತ್ತದೆ, ರಕ್ತದಲ್ಲಿರುವ ಒಂದು ಪ್ರೋಟೀನ್ ಅದನ್ನು ಹೊತ್ತು ಸ್ನಾಯು, ಹೃದಯ, ಯಕೃತ್ತಿಗೆ ಮುಟ್ಟಿಸುತ್ತದೆ. ಅಲ್ಲಿಂದ ಕರುಳಿನ ಟೊಳ್ಳಿಗೆ ಬಂದು ಕ್ಯಾರೆಟ್ ಚೂರಿಗಾಗಿ ಕಾದು ನಿಲ್ಲುವ ದಾರಿ ಇಲ್ಲ. ಗೋಡೆಯ ಆಚೆ ಸಿಕ್ಕಿಕೊಂಡವನಿಗೆ ಈಚೆ ಇರುವ ಏಣಿಯಿಂದ ಏನು ಪ್ರಯೋಜನ?

ಇಲ್ಲಿ ಒಬ್ಬ ಓದುಗರು ಹಿಂದೆ ಒಳ್ಳೆಯ ಆಕ್ಷೇಪ ಎತ್ತಿದ್ದರು. ಪಿತ್ತರಸದಲ್ಲಿ ಲೆಸಿಥಿನ್ ಇದೆ, ಕೊಲೆಸ್ಟ್ರಾಲ್ ಇದೆ. ಅದು ಮೈಯಿಂದಲೇ ಕರುಳಿಗೆ ಬರುವ ಜಿಡ್ಡಲ್ಲವೇ ಅಂತ. ಹೌದು, ನಿಜ. ಇಂಥ ಪ್ರಶ್ನೆ ಬಂದ ದಿನ ನನಗೆ ತುಂಬಾ ಖುಷಿಯಾಗುತ್ತದೆ. ಆದರೆ ಪಿತ್ತರಸದ ಬಹುಪಾಲು ಊಟದ ನಡುವಿನ ಹೊತ್ತಿನಲ್ಲಿ ಪಿತ್ತಕೋಶದಲ್ಲಿ ಕಾದಿರುತ್ತದೆ. ಸಣ್ಣ ಕರುಳಿನ ಮೊದಲ ಭಾಗಕ್ಕೆ ಕೊಬ್ಬು ಬಂದು ಮುಟ್ಟಿದಾಗ ಅಲ್ಲಿನ ಜೀವಕೋಶಗಳು ಕೊಲೆಸಿಸ್ಟೋಕೈನಿನ್ ಎಂಬ ಹಾರ್ಮೋನ್ ಬಿಡುತ್ತವೆ. ಪ್ರೋಟೀನ್ ಬಂದರೂ ಬಿಡುತ್ತವೆ. ಆ ಹಾರ್ಮೋನ್ ಪಿತ್ತಕೋಶವನ್ನು ಹಿಂಡುತ್ತದೆ. ಕ್ಯಾರೆಟ್, ಪಾಲಕ್, ನಿಂಬೆರಸದಲ್ಲಿ ಕೊಬ್ಬೂ ಇಲ್ಲ, ಪ್ರೋಟೀನೂ ಅಷ್ಟಕ್ಕಷ್ಟೇ. ಪಿತ್ತಕೋಶಕ್ಕೆ ಜೋರಾಗಿ ಹಿಂಡುವ ಕರೆಯೇ ಬರುವುದಿಲ್ಲ. ಅಂದರೆ ಮೈಯ ಆ ಸ್ವಲ್ಪ ಜಿಡ್ಡು ಸರಿಯಾಗಿ ಕರುಳಿಗೆ ಇಳಿಯಬೇಕಾದರೂ ತಟ್ಟೆಯಲ್ಲಿ ಜಿಡ್ಡು ಇರಬೇಕು.

ಈಗ ಅದೇ ತರಕಾರಿಗೆ ಒಂದು ಚಮಚ ಎಣ್ಣೆ ಹಾಕಿದಿರಿ ಅಂದುಕೊಳ್ಳಿ. ಹೊಟ್ಟೆ ಕಡೆಯುವಾಗ ಎಣ್ಣೆ ಸಣ್ಣ ಸಣ್ಣ ಹನಿಯಾಗುತ್ತದೆ, ಕ್ಯಾರೋಟಿನ್ ಚೂರಿನಿಂದ ಬಿಟ್ಟು ಆ ಹನಿಗೆ ಸೇರುತ್ತದೆ. ಕರುಳಿನಲ್ಲಿ ಪಿತ್ತರಸ ಹನಿಯನ್ನು ಇನ್ನೂ ಚಿಕ್ಕದಾಗಿ ಒಡೆಯುತ್ತದೆ. ಮೇದೋಜೀರಕ ಗ್ರಂಥಿಯಿಂದ ಬರುವ ಲಿಪೇಸ್ ಎಂಬ ಕಿಣ್ವ ಎಣ್ಣೆಯನ್ನೇ ಕತ್ತರಿಸುತ್ತದೆ. ಆ ತುಣುಕುಗಳು ಪಿತ್ತರಸದ ಜೊತೆ ಸೇರಿ ಮೈಸೆಲ್ ಎಂಬ ಅತಿ ಸಣ್ಣ ಉಂಡೆಗಳಾಗುತ್ತವೆ. ಗಾತ್ರ ಸುಮಾರು ಕೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲು. ಹೊರಮೈ ನೀರಿಗೆ ಒಗ್ಗುತ್ತದೆ, ಒಳಗೆ ಜಿಡ್ಡು. ಆ ಜಿಡ್ಡಿನಲ್ಲಿ ಕ್ಯಾರೋಟಿನ್ ಕೂತಿರುತ್ತದೆ. ಕರುಳಿನ ಗೋಡೆಗೆ ಅಂಟಿಕೊಂಡಂತೆ ಕದಲದ ನೀರಿನ ಪದರ ಒಂದಿದೆ. ಅದನ್ನು ದಾಟುವ ಗಾಡಿ ಈ ಉಂಡೆ. ಗೋಡೆಯ ಜೀವಕೋಶದೊಳಗೆ ಹೋದ ಮೇಲೂ ಜಿಡ್ಡಿನ ಕೆಲಸ ಮುಗಿಯುವುದಿಲ್ಲ. ಅಲ್ಲಿ ಊಟದ ಕೊಬ್ಬನ್ನೇ ಮತ್ತೆ ಕಟ್ಟಿ ಕೈಲೋಮೈಕ್ರಾನ್ ಎಂಬ ಮೂಟೆ ಮಾಡುತ್ತಾರೆ ಅನ್ನಬಹುದು. ವಿಟಮಿನ್ ಆ ಮೂಟೆಯೊಳಗೆ ಸೇರಿ ದುಗ್ಧನಾಳದ ಮೂಲಕ ರಕ್ತಕ್ಕೆ ಬೀಳುತ್ತದೆ. ದಾಟಲೂ ಕೊಬ್ಬು ಬೇಕು, ಸಾಗಲೂ ಕೊಬ್ಬು ಬೇಕು.

ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 7 ಮಂದಿಗೆ ನಿಮ್ಮದೇ ಥರದ ಹಸಿ ತರಕಾರಿ ಕೊಟ್ಟರು. ಪಾಲಕ್, ಕ್ಯಾರೆಟ್, ಟೊಮೆಟೊ, ಲೆಟ್ಯೂಸ್. ಅದೇ ಜನ, ಬೇರೆ ಬೇರೆ ದಿನ, ಎಣ್ಣೆ ಮಾತ್ರ 0, 6, 28 ಗ್ರಾಂ. ಪ್ರತಿ ಸಲವೂ ರಕ್ತದ ಆ ಮೂಟೆಗಳಲ್ಲಿ ಕ್ಯಾರೋಟಿನ್ ಎಷ್ಟಿದೆ ಅಂತ ನೋಡಿದರು. ಎಣ್ಣೆ ಇಲ್ಲದ ದಿನ ಹೆಚ್ಚು ಕಡಿಮೆ ಏನೂ ಸಿಗಲಿಲ್ಲ. 6 ಗ್ರಾಂ ದಿನ ಸಿಕ್ಕಿತು, 28ರ ದಿನ ಇನ್ನೂ ಜಾಸ್ತಿ.

ಹಾಗಾದರೆ 28 ಗ್ರಾಂ ಸುರಿದುಕೊಳ್ಳಬೇಕಾ? ಬೇಡ. ಅದು ಒಂದು ಊಟದ ಲೆಕ್ಕ. ಫಿಲಿಪೀನ್ಸ್‌ನ ಶಾಲಾ ಮಕ್ಕಳಿಗೆ ಕ್ಯಾರೋಟಿನ್ ಇರುವ ತರಕಾರಿಯನ್ನು 9 ವಾರ ಕೊಟ್ಟು ನೋಡಿದ 2007ರ ಅಧ್ಯಯನ ಒಂದಿದೆ. ದಿನಕ್ಕೆ ಬರೀ 7 ಗ್ರಾಂ ಕೊಬ್ಬು, ಅಂದರೆ ಊಟಕ್ಕೆ ಎರಡು ಚಿಲ್ಲರೆ ಗ್ರಾಂ ಸಿಕ್ಕ ಮಕ್ಕಳ ಮೈಯಲ್ಲೂ ವಿಟಮಿನ್ ಎ ಸಂಗ್ರಹ ಏರಿತು. ಅದಕ್ಕಿಂತ ಹೆಚ್ಚು ಕೊಬ್ಬು ತಿಂದವರಿಗೆ ಅದಕ್ಕಿಂತ ಹೆಚ್ಚೇನೂ ಏರಲಿಲ್ಲ. ಹಾಗಾಗಿ ನಾನು ಊಟಕ್ಕೆ 3ರಿಂದ 5 ಗ್ರಾಂ ಅನ್ನುತ್ತೇನೆ. ಒಂದು ಟೀ ಚಮಚ ಎಣ್ಣೆ ಸುಮಾರು 4.5 ಗ್ರಾಂ, 40 ಕ್ಯಾಲೊರಿ.

ನಿಮ್ಮ ಬಟ್ಟಲಿನ ಲೆಕ್ಕ ನೋಡಿ. 100 ಗ್ರಾಂ ಕ್ಯಾರೆಟ್‌ನಲ್ಲಿ ಸುಮಾರು 8 ಮಿಲಿಗ್ರಾಂ ಬೀಟಾ ಕ್ಯಾರೋಟಿನ್. ಆಹಾರದ 12 ಮೈಕ್ರೋಗ್ರಾಂ ಕ್ಯಾರೋಟಿನ್ 1 ಮೈಕ್ರೋಗ್ರಾಂ ವಿಟಮಿನ್ ಎಗೆ ಸಮ ಅಂತ ಹಿಡಿಯುತ್ತಾರೆ. ಅಂದರೆ 650ಕ್ಕೂ ಮೇಲೆ. ದೊಡ್ಡ ಹೆಂಗಸಿಗೆ ಬೇಕಾದದ್ದು ದಿನಕ್ಕೆ 700. ಕಾಗದದ ಮೇಲೆ ನೀವು ಒಂದೇ ಕ್ಯಾರೆಟ್‌ನಲ್ಲಿ ಹೆಚ್ಚು ಕಡಿಮೆ ದಿನದ ಲೆಕ್ಕ ಮುಗಿಸಿದ್ದೀರಿ. ಆದರೆ ಆ 12ರ ಲೆಕ್ಕ ಕೊಬ್ಬೂ ಇರುವ ಸಾಮಾನ್ಯ ಊಟದ್ದು. ಬರೀ ನಿಂಬೆರಸದ ಜೊತೆ ತಿಂದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

ಗಾಬರಿ ಬೇಡ. ಯಕೃತ್ತು ವಿಟಮಿನ್ ಎ ಅನ್ನು ತಿಂಗಳುಗಟ್ಟಲೆ ಕೂಡಿಟ್ಟಿರುತ್ತದೆ, ನಿಮ್ಮ ಉಳಿದ ಊಟಗಳಲ್ಲಿ ಜಿಡ್ಡೂ ತರಕಾರಿಯೂ ಇರಬಹುದು. ಎಣ್ಣೆಯನ್ನು ತರಕಾರಿ ಮೇಲೇ ಸುರಿಯಬೇಕು ಅಂತಲೂ ಇಲ್ಲ. ಅದೇ ಊಟದಲ್ಲಿ ಒಂದು ಬೇಯಿಸಿದ ಮೊಟ್ಟೆ ತಿಂದರೆ ಅದರಲ್ಲೇ ಸುಮಾರು 5 ಗ್ರಾಂ ಕೊಬ್ಬಿದೆ. ಒಂದು ಹಿಡಿ ಕಡಲೆಕಾಯಿ ಬೀಜವೂ ಆಗುತ್ತದೆ. ಎರಡೂ ಒಟ್ಟಿಗೆ ಕರುಳು ಸೇರಬೇಕು ಅಷ್ಟೇ. ಚೆನ್ನಾಗಿ ಅಗಿಯಿರಿ, ಅಥವಾ ತುರಿದು, ಬೇಯಿಸಿ ತಿನ್ನಿ. ಕ್ಯಾರೋಟಿನ್ ತರಕಾರಿಯ ಜೀವಕೋಶದೊಳಗೆ ಬೀಗ ಹಾಕಿದ ಹಾಗೆ ಇರುತ್ತದೆ. ದಪ್ಪ ಚೂರಾಗಿ ನುಂಗಿದರೆ ಎಷ್ಟು ಎಣ್ಣೆ ಇದ್ದರೂ ಅದಕ್ಕೆ ಮುಟ್ಟುವುದಿಲ್ಲ. ಮಲ ದಿನಗಟ್ಟಲೆ ಬಿಳಿಚಿಕೊಂಡು, ಜಿಡ್ಡಾಗಿ, ನೀರಿನಲ್ಲಿ ತೇಲುತ್ತಿದ್ದರೆ ಮಾತು ಬೇರೆ. ಅಲ್ಲಿ ಕೊಬ್ಬೇ ಜೀರ್ಣವಾಗುತ್ತಿಲ್ಲ, ಚಮಚ ಎಣ್ಣೆಯಿಂದ ಸರಿಹೋಗದು, ವೈದ್ಯರಿಗೆ ತೋರಿಸಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ, ಮೇಲಿನದಕ್ಕೆಲ್ಲ ಅದು ಒಳ್ಳೆಯ ಪುರಾವೆ. ಕ್ಯಾರೋಟಿನ್ ಕರಗುವ ಯಾವ ಜಿಡ್ಡಾದರೂ ಸಾಕಾ? ಸಾಲದು. ಮಲಬದ್ಧತೆಗೆ ಕೊಡುವ ಲಿಕ್ವಿಡ್ ಪ್ಯಾರಾಫಿನ್ ನೋಡಲು ಎಣ್ಣೆಯೇ. ಕ್ಯಾರೋಟಿನ್ ಅದರಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ಲಿಪೇಸ್ ಅದನ್ನು ಕತ್ತರಿಸಲಾರದು, ಅದು ಮೈಸೆಲ್ ಆಗುವುದಿಲ್ಲ. ಕರಗಿಸಿಕೊಂಡ ವಿಟಮಿನ್ ಸಮೇತ ಕೊಳವೆಯ ತುದಿಯಿಂದ ಹೊರಗೆ ಹೋಗುತ್ತದೆ. ಕ್ಯಾಲೊರಿ ಇಲ್ಲದ ಕೊಬ್ಬು ಅಂತ ಬಂದ ಓಲೆಸ್ಟ್ರಾ ಎಂಬ ಪದಾರ್ಥದ್ದೂ ಇದೇ ಕಥೆ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ 1996ರಲ್ಲಿ ಅದನ್ನು ಕುರುಕಲು ತಿಂಡಿಗೆ ಬಳಸಲು ಬಿಟ್ಟಾಗ, ಎ, ಡಿ, ಇ, ಕೆ ನಾಲ್ಕನ್ನೂ ಅದಕ್ಕೆ ಬೆರೆಸಲೇಬೇಕು ಅಂತ ಷರತ್ತು ಹಾಕಿತು. ನಿಮ್ಮಲ್ಲಿ ಯಾರಾದರೂ ಪ್ಯಾರಾಫಿನ್ ಕುಡಿಯುತ್ತಿದ್ದರೆ ಊಟದ ಜೊತೆ ಬೇಡ, ವೈದ್ಯರನ್ನು ಕೇಳದೆ ವಾರಗಟ್ಟಲೆಯಂತೂ ಬೇಡವೇ ಬೇಡ.