ಮೊದಲು ಮಂಚ ತಿರುಗಿಸಿ

ಲಕ್ವ ಹೊಡೆದವರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ದಾವಣಗೆರೆಯ ಯಾವ ಬಡಾವಣೆಗೆ ಹೋದರೂ ಹೊಸ್ತಿಲಲ್ಲಿ ನನ್ನನ್ನು ಎದುರುಗೊಳ್ಳುವ ಮಾತು ಒಂದೇ: "ನನಗೇನೂ ಆಗಿಲ್ಲ ಮೇಡಂ, ನೀವು ಅವರನ್ನು ನೋಡಿ." ಹೇಳುವವರ ಕಣ್ಣು ಕೆಂಪಗಿರುತ್ತದೆ, ಒಂದು ಕೈ ಸೊಂಟದ ಮೇಲಿರುತ್ತದೆ. ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಕೇಳಿದರೆ, "ಅದು ಇದ್ದದ್ದೇ ಅಲ್ಲವೇ" ಎನ್ನುತ್ತಾರೆ. ಇದ್ದದ್ದೇ ಅಲ್ಲ. ಹೀಗೆ ಹೇಳಿ ಹೇಳಿ ನನಗೆ ಸಾಕಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಒಂದು ಮನೆಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಜಮಾನರು ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿಯ ಗುಮಾಸ್ತರಾಗಿದ್ದವರು. ಹದಿನಾಲ್ಕು ತಿಂಗಳ ಹಿಂದೆ ಬಲಭಾಗಕ್ಕೆ ಲಕ್ವ ಹೊಡೆದು ಮಾತೂ ಹೋಗಿತ್ತು. ಹೇಳಿದ್ದು ಅರ್ಥವಾಗುತ್ತಿತ್ತು, ಆದರೆ ಬಾಯಿಂದ ನಾಲ್ಕೈದು ಪದಗಳಿಗಿಂತ ಹೆಚ್ಚು ಹೊರಡುತ್ತಿರಲಿಲ್ಲ. ನನ್ನನ್ನು ಕರೆಸಿದ್ದು ಬಲಗೈಗಾಗಿ ಅಲ್ಲ. ಅವರು ಊಟದ ತಟ್ಟೆಯನ್ನು ತಳ್ಳಿ ಬೀಳಿಸುತ್ತಿದ್ದರು. "ಕೋಪ ಜಾಸ್ತಿಯಾಗಿದೆ, ಏನಾದರೂ ಮಾಡಿ" ಎಂದರು ಹೆಂಡತಿ. ನಾನು ಮೊದಲು ಆಕೆಯ ಬಿಪಿ ನೋಡಿದೆ. 170/100 ಇತ್ತು. ಮಾತ್ರೆ ಮುಗಿದು ಹತ್ತು ದಿನವಾಗಿತ್ತು. ಗಂಡನ ಮಾತ್ರೆಗಳು ಮಾತ್ರ ಡಬ್ಬಿಯಲ್ಲಿ ದಿನದಿನಕ್ಕೆ ಸಾಲಾಗಿ ಜೋಡಿಸಿದ್ದವು. ಆಕೆಯನ್ನು ಅಂದೇ ವೈದ್ಯರ ಬಳಿಗೆ ಕಳುಹಿಸಿದೆ.

ಆಮೇಲೆ ಮೂರು ರಾತ್ರಿಯ ಲೆಕ್ಕ ಬರೆಯಲು ಹೇಳಿದೆ. ಎದ್ದ ಸಮಯ, ಎದ್ದ ಕಾರಣ, ಅಷ್ಟೇ. ಸರಾಸರಿ ರಾತ್ರಿಗೆ ಐದು ಸಲ. ಮೂರು ಸಲ ಮೂತ್ರಕ್ಕೆ, ಒಂದು ಸಲ ನೀರಿಗೆ. ಐದನೆಯದಕ್ಕೆ ಎದುರಿಗೆ "ಉಸಿರು ನೋಡಲು" ಎಂದು ಬರೆದಿದ್ದರು.

ಇಲ್ಲಿ ತಡೆದು ಒಂದು ಮಾತು ಹೇಳಲೇಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. "ಮಲಗಿರುತ್ತೇನಲ್ಲ, ಒಟ್ಟು ಏಳು ಗಂಟೆ ಆಗುತ್ತದೆ" ಎನ್ನುತ್ತಾರೆ. ಒಂದೂವರೆ ಗಂಟೆಗೊಮ್ಮೆ ಎದ್ದು ಮಲಗುವ ಏಳು ಗಂಟೆ ಏಳು ಗಂಟೆಯ ನಿದ್ದೆಯಲ್ಲ. ಗಾಢ ನಿದ್ದೆಗೆ ಇಳಿಯುವಷ್ಟರಲ್ಲಿ ಮತ್ತೆ ಎಚ್ಚರ. ಕಿವಿ ತೆರೆದುಕೊಂಡೇ ಮಲಗುವುದು ಕಾವಲು, ವಿಶ್ರಾಂತಿಯಲ್ಲ. ಮಧ್ಯಾಹ್ನ ಅರ್ಧ ಗಂಟೆ ಒರಗಿದರೆ ಅದು ತುಂಬಿ ಬರುವುದಿಲ್ಲ. ಆದ್ದರಿಂದ "ಸ್ವಲ್ಪ ರೆಸ್ಟ್ ತೆಗೆದುಕೊಳ್ಳಿ" ಎಂಬ ನೆಂಟರ ಉಪದೇಶದಿಂದ ಪ್ರಯೋಜನವಿಲ್ಲ. ಎಬ್ಬಿಸುವ ಕಾರಣಗಳನ್ನು ಒಂದೊಂದಾಗಿ ತೆಗೆಯಬೇಕು.

ಮಂಚದ ಎಡಬದಿ ಗೋಡೆಗೆ ತಾಗಿತ್ತು. ಎಂದರೆ ಅವರ ಗಟ್ಟಿ ಕೈ ಗೋಡೆಯ ಕಡೆ, ಸ್ವಾಧೀನವಿಲ್ಲದ ಕೈ ಕೋಣೆಯ ಕಡೆ. ಬೀಳದಿರಲಿ ಎಂದು ಮಗ ಹಾಗೆ ಹಾಕಿದ್ದ. ಇದರಿಂದ ಅವರಿಗೆ ನೀರಿನ ಲೋಟವೂ ಎಟುಕುತ್ತಿರಲಿಲ್ಲ. ತಲೆ ಇದ್ದ ಕಡೆ ಕಾಲು ಬರುವಂತೆ ಹಾಸಿಗೆ ತಿರುಗಿಸಿದೆವು. ಎಡಗೈಗೆ ಸಿಗುವಂತೆ ಸ್ಟೂಲು, ಅದರ ಮೇಲೆ ಮುಚ್ಚಳದ ಲೋಟದಲ್ಲಿ ನೀರು, ಪೂಜೆಯ ಸಣ್ಣ ಗಂಟೆ. ಮಂಚದ ಪಟ್ಟಿಗೆ ಕೊಕ್ಕೆ ಹಾಕಿ ಮೂತ್ರದ ಬಾಟಲಿ. ಮೆಡಿಕಲ್ ಅಂಗಡಿಯಲ್ಲಿ ಯೂರಿನ್ ಪಾಟ್ ಎಂದರೆ ಕೊಡುತ್ತಾರೆ. ಅದನ್ನು ಒಂದು ವಾರ ಹಗಲಿನಲ್ಲಿ ಮಾತ್ರ ಅಭ್ಯಾಸ ಮಾಡಿಸಿದೆ. ಎಡಕ್ಕೆ ಹೊರಳಿ, ಬಾಟಲಿ ಇಟ್ಟುಕೊಂಡು, ಮುಗಿದ ಮೇಲೆ ಕೊಕ್ಕೆಗೆ ಸಿಕ್ಕಿಸುವುದು. ಮೊದಲ ಮೂರು ದಿನ ಚೆಲ್ಲಿತು. ಹಾಸಿಗೆಯ ಮೇಲೆ ರಬ್ಬರ್ ಹಾಳೆ ಇತ್ತು, ಒರೆಸಿದರಾಯಿತು. ಎಂಟನೆಯ ರಾತ್ರಿಯಿಂದ ಆ ಕೆಲಸ ಅವರದೇ ಆಯಿತು.

ಕುಡಿಯುವ ನೀರನ್ನು ಕಡಿಮೆ ಮಾಡಲಿಲ್ಲ. ಹೆಚ್ಚಿನದನ್ನು ಸಂಜೆ ಆರರೊಳಗೆ ಕುಡಿಸುವಂತೆ ಮಾಡಿದೆವು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನು ರಾತ್ರಿ ಕೊಡುತ್ತಿದ್ದರು. ವೈದ್ಯರನ್ನು ಕೇಳಿದಾಗ ಅವರೇ ಬೆಳಿಗ್ಗೆಗೆ ಬದಲಿಸಿದರು. ನೀವಾಗಿ ಬದಲಿಸಬೇಡಿ. ಮೂತ್ರ ಇದ್ದಕ್ಕಿದ್ದಂತೆ ಹೆಚ್ಚಾದರೆ, ಉರಿ ಅಥವಾ ಜ್ವರ ಇದ್ದರೆ ಬಾಟಲಿ ಹುಡುಕಬೇಡಿ, ಪರೀಕ್ಷೆ ಮಾಡಿಸಿ. ಸೋಂಕು, ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಯಾವುದೂ ಇರಬಹುದು. ತಾವಾಗಿ ಹೊರಳಲಾಗದವರಿಗೂ ಈ ಏರ್ಪಾಡು ಸಲ್ಲದು. ಅವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿನ ಕೆಳಗೆ ಹುಣ್ಣಾಗುತ್ತದೆ. ಅಂಥ ಮನೆಯಲ್ಲಿ ರಾತ್ರಿಗೆ ಇನ್ನೊಬ್ಬರು ಬೇಕೇ ಬೇಕು. ಎಡಭಾಗಕ್ಕೆ ಲಕ್ವವಾದ ಕೆಲವರಿಗೆ ಆ ಬದಿಯ ಲಕ್ಷ್ಯವೇ ಹೋಗಿರುತ್ತದೆ. ಅಲ್ಲಿ ಮಂಚದ ಲೆಕ್ಕವೇ ಬೇರೆ, ನೋಡಿಯೇ ಹೇಳಬೇಕು.

ಆಕೆ ಹಾಲ್‌ನಲ್ಲಿ ಮಲಗಲು ಒಪ್ಪಿದ್ದು ಕಷ್ಟದಿಂದ. "ಗಂಡ ಹಾಸಿಗೆ ಹಿಡಿದಿರುವಾಗ ಬೇರೆ ಕೋಣೆಯಲ್ಲಿ ಮಲಗುತ್ತಾಳಂತೆ" ಎಂದು ನಾದಿನಿ ಆಡಿಕೊಂಡಿದ್ದು ಆಕೆಯ ಕಿವಿಗೂ ಬಿದ್ದಿತ್ತು. ನಾನು ಆ ನಾದಿನಿಗೇ ಫೋನ್ ಮಾಡಿ, ವಾರಕ್ಕೆ ಎರಡು ರಾತ್ರಿ ನಿಮ್ಮ ಮಗನನ್ನು ಕಳುಹಿಸಿ ಎಂದೆ. ಕಳುಹಿಸಿದರು. ಗಂಟೆ ಬಾರಿಸಿದರೆ ಎದ್ದು ಹೋಗುವುದಷ್ಟೇ ಹುಡುಗನ ಕೆಲಸ.

ಇನ್ನು ತಟ್ಟೆಯ ವಿಷಯ. ಮೂವತ್ತು ವರ್ಷ "ರೀ" ಎಂದು ಕರೆದ ಗಂಡನಿಗೆ ಈಕೆ ಊಟ ಮಾಡಿಸುವಾಗ "ಬಾಯಿ ತೆಗಿ, ಜಾಣ" ಎನ್ನುತ್ತಿದ್ದರು. ಮಗುವಿಗೆ ಉಣಿಸುವ ಹೊತ್ತಿನ ಏಕವಚನ ಅದು, ಅಕ್ಕರೆಯಿಂದಲೇ ಬಂದದ್ದು. ಮಾತು ಹೋದವರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ ಎಂದುಕೊಂಡಿದ್ದರು. ತಟ್ಟೆ ಬೀಳುತ್ತಿದ್ದುದು ಆ ಮಾತಿನ ಬೆನ್ನಲ್ಲೇ. ಎರಡು ಊಟದ ಹೊತ್ತು ಪಕ್ಕದಲ್ಲಿ ಕುಳಿತು ನೋಡಿ ನಾನು ಇದನ್ನು ಹೇಳಿದಾಗ ಆಕೆ ಬಹಳ ಹೊತ್ತು ಅತ್ತರು.

ಅಂಚು ಎತ್ತರವಿರುವ ತಟ್ಟೆ, ಅದು ಜಾರದಂತೆ ಕೆಳಗೆ ಒದ್ದೆ ಬಟ್ಟೆ, ಎಡಗೈಗೆ ಚಮಚ. ಬೆನ್ನು ನೇರ ಮಾಡಿ ಕುರ್ಚಿಯಲ್ಲಿ ಕೂರಿಸಿದೆವು. ತಿನ್ನುವಾಗ ಕೆಮ್ಮು ಬರುತ್ತದೆಯೇ, ತಿಂದ ಮೇಲೆ ದನಿ ಗೊರಗೊರ ಎನ್ನುತ್ತದೆಯೇ ಎಂದು ಮೊದಲು ಗಮನಿಸಿದೆ. ಅವು ಇದ್ದರೆ ನುಂಗುವುದರಲ್ಲಿ ತೊಂದರೆ ಇರಬಹುದು, ಅದನ್ನು ಪರೀಕ್ಷಿಸದೆ ಮುಂದುವರಿಯಬಾರದು. ಇವರಿಗೆ ಇರಲಿಲ್ಲ. "ನಾನು ತಿನ್ನಿಸಿದರೆ ಹತ್ತು ನಿಮಿಷ, ಅವರೇ ತಿಂದರೆ ನಲವತ್ತು" ಎಂದರು ಆಕೆ. ಆ ನಲವತ್ತು ನಿಮಿಷ ಎದುರಿಗೆ ಕುಳಿತು ನೀವೂ ಉಣ್ಣಿ ಎಂದೆ. ಹದಿನಾಲ್ಕು ತಿಂಗಳಿನಿಂದ ಆಕೆ ಅಡುಗೆಮನೆಯಲ್ಲಿ ನಿಂತೇ ಉಂಡಿದ್ದರು.

ಇನ್ನೊಂದು ದಿನ ಆಕೆಯೇ ಹೇಳಿದರು: "ಅವರನ್ನು ಮುಟ್ಟುವುದು ಒರೆಸಲು, ಎತ್ತಲು, ತಿರುಗಿಸಲು ಮಾತ್ರ ಆಗಿಬಿಟ್ಟಿದೆ ಮೇಡಂ." ಸ್ನಾನಕ್ಕೆ ವಾರದಲ್ಲಿ ಮೂರು ದಿನ ಆಯಾ ಬರುವಂತೆ ಮಾಡಿದ್ದು ಇದಕ್ಕಾಗಿಯೇ. ಉಳಿದ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಎಡಗೈಯಿಂದ ಅವರೇ ನೀರು ಹಾಕಿಕೊಳ್ಳುತ್ತಾರೆ, ಈಕೆ ಬೆನ್ನು ಮಾತ್ರ ಉಜ್ಜುತ್ತಾರೆ. ಸಂಜೆ ಚಹಾದ ಹೊತ್ತಿಗೆ ಪಕ್ಕದಲ್ಲಿ ಕುಳಿತು ಅವರ ಬಲಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಆ ಅರ್ಧ ಗಂಟೆ ಮಾತ್ರೆ, ಮಲವಿಸರ್ಜನೆ, ವ್ಯಾಯಾಮಗಳ ಮಾತು ಬೇಡ ಎಂದು ನಾನೇ ಕೇಳಿಕೊಂಡಿದ್ದೆ. ಆ ಹೊತ್ತಿನಲ್ಲಿ ನಾನೂ ಹೋಗುವುದಿಲ್ಲ.

ಕಳೆದ ತಿಂಗಳು ಹೋದಾಗ ಮೊರದಲ್ಲಿ ಶೇಂಗಾ ಹರಡಿತ್ತು. ಮಂಡಿಯಲ್ಲಿ ಕಾಳು ನೋಡಿ ನೋಡಿ ಪಳಗಿದ ಕಣ್ಣು ಅವರದು. ಎಡಗೈಯಿಂದ ಮುದುರಿದ ಕಾಳುಗಳನ್ನು ಬೇರೆ ಮಾಡುತ್ತಿದ್ದರು. ಒಂದು ಹಿಡಿ ಎತ್ತಿ ಹೆಂಡತಿಗೆ ತೋರಿಸಿ, ತಲೆ ಅಲ್ಲಾಡಿಸಿದರು. "ಹೌದು, ಹಳೆಯದು ಕೊಟ್ಟಿದ್ದಾನೆ. ನೀವೇ ಬಂದಿದ್ದರೆ ಕೊಡುತ್ತಿದ್ದನೇನ್ರೀ?" ಎಂದರು ಆಕೆ.