‘ಕನಾರ್ಟಕ’ ಹುಟ್ಟಿದ್ದು ಹೇಗೆ?

ಶಿರಸಿಯ ಪರಿಚಿತರೊಬ್ಬರು ಕಳೆದ ಮಳೆಗಾಲದಲ್ಲಿ ತಮ್ಮ ಸಂಘದ ಹಳೆಯ ವಾರ್ಷಿಕ ವರದಿಯ ಕಡತವನ್ನು ಕಳುಹಿಸಿದ್ದರು. ಮೊಬೈಲಿನಲ್ಲಿ ತೆರೆದರೆ ಮೊದಲ ಸಾಲು ಹೀಗಿತ್ತು:

```
GvÀÛgÀ PÀ£ÀßqÀ f¯Éè, PÀ£ÁðlPÀ
```

ಕಡತ ಕೆಟ್ಟಿರಲಿಲ್ಲ. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದೇ ಸಾಲು ‘ಉತ್ತರ ಕನ್ನಡ ಜಿಲ್ಲೆ, ಕರ್ನಾಟಕ’ ಎಂದು ಅಚ್ಚುಕಟ್ಟಾಗಿ ಕಾಣುತ್ತದೆ.

ಬೇರೆ ಬೇರೆ ಲಿಪಿಗಳ ಒಂದೊಂದು ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಅಂದಿನ ಕಂಪ್ಯೂಟರುಗಳಿಗೆ ಒತ್ತು, ಗುಣಿತಗಳನ್ನು ಕೂಡಿಸಿ ತೋರಿಸಲು ಬರುತ್ತಿರಲಿಲ್ಲ. ಹಾಗಾಗಿ 1998ರ ಬರಹ, ಅದರ ಬೆನ್ನಿಗೆ ಬಂದ ನುಡಿ ಮೊದಲಾದ ತಂತ್ರಾಂಶಗಳು ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. `P` ಮನೆಯಲ್ಲಿ ತಲೆಕಟ್ಟಿಲ್ಲದ ಕಕಾರ, `À` ಮನೆಯಲ್ಲಿ ತಲೆಕಟ್ಟು. ಎರಡೂ ಸೇರಿದರೆ ‘ಕ’. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಂದಿತು. ಅಷ್ಟರಲ್ಲಿ ಕಚೇರಿ, ಮುದ್ರಣಾಲಯಗಳ ಕೈಗೆ ಹಳೆಯ ಪದ್ಧತಿ ಒಗ್ಗಿಹೋಗಿತ್ತು.

ಇಂಥ ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸಲು ಪರಿವರ್ತಕ ತಂತ್ರಾಂಶಗಳಿವೆ. ಆದರೆ ಒಂದೊಂದು ಚಿಹ್ನೆಯ ಬದಲಿಗೆ ಒಂದೊಂದು ಕನ್ನಡ ಅಕ್ಷರವನ್ನು ಇಟ್ಟರೆ ಕೆಲಸ ಮುಗಿಯುವುದಿಲ್ಲ. ಹಳೆಯ ಫಾಂಟ್ ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮವನ್ನು. `PÀ£ÁðlPÀ` ಪದದಲ್ಲಿ `ð` ಎಂದರೆ ಅರ್ಕಾವತ್ತು. ನಾವು ಬರೆಯುವಾಗ ಅದನ್ನು ‘ನಾ’ ಆದ ಮೇಲೆ ಹಾಕುತ್ತೇವೆ, ಹೇಳುವಾಗ ರಕಾರವೇ ಮೊದಲು ಬರುತ್ತದೆ. ಪರಿವರ್ತಕ ಇದನ್ನು ಗಮನಿಸದಿದ್ದರೆ ‘ರ್’ ಇದ್ದಲ್ಲೇ ಉಳಿದು ಮುಂದಿನ ಟಕಾರಕ್ಕೆ ಅಂಟಿಕೊಳ್ಳುತ್ತದೆ:

```
ಇದ್ದಂತೆ:      ಕ + ನಾ + ರ್ + ಟ + ಕ = ಕನಾರ್ಟಕ
ಆಗಬೇಕಾದ್ದು:  ಕ + ರ್ + ನಾ + ಟ + ಕ = ಕರ್ನಾಟಕ
```

ನಮ್ಮ ನಾಡಿನ ಹೆಸರೇ ಹೀಗೆ ತಿರುಚಿಕೊಂಡು ಅಂತರಜಾಲದಲ್ಲಿ ಓಡಾಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ‘ಜಿಲ್ಲೆ’ಯದೂ ಇದೇ ಪಾಡು. `f¯Éè` ಎಂಬಲ್ಲಿ ಎತ್ವ ಮೊದಲು, ಲಕಾರದ ಒತ್ತು ಆಮೇಲೆ. ಯೂನಿಕೋಡಿನಲ್ಲಿ ಒತ್ತು ಮೊದಲು ಬಂದು ಸ್ವರ ಕೊನೆಗೆ ಬರಬೇಕು. ಇಲ್ಲವಾದರೆ ‘ಜಿಲೆ್ಲ’ ಎಂದು ಒಡೆದುಕೊಳ್ಳುತ್ತದೆ.

ಆದ್ದರಿಂದ ಪರಿವರ್ತನೆಯಾದ ಕೂಡಲೇ ನಾನು ‘ವಷರ್’, ‘ಕಾಯರ್’, ‘ಕನಾರ್ಟಕ’ ಎಂಬ ಮೂರು ಪದಗಳನ್ನು ಹುಡುಕುತ್ತೇನೆ. ಒಂದು ಸಿಕ್ಕರೂ ಅರ್ಕಾವತ್ತು ಜಾಗ ಬದಲಿಸಿಲ್ಲವೆಂದು ಗೊತ್ತಾಗುತ್ತದೆ. ಒಂದೊಂದೇ ತಿದ್ದುತ್ತ ಕೂರುವುದಕ್ಕಿಂತ ಬೇರೆ ಪರಿವರ್ತಕದಲ್ಲಿ ಮೂಲ ಕಡತವನ್ನೇ ಮತ್ತೆ ಹಾಕುವುದು ಲೇಸು.

ಶಿರಸಿಯ ಆ ವರದಿಯಲ್ಲಿ ಇನ್ನೊಂದು ತೊಡಕಿತ್ತು. ಕಾರವಾರದ ಜಿಲ್ಲಾಧಿಕಾರಿಗಳನ್ನು ಕೆಲವೆಡೆ ಇಂಗ್ಲಿಷಿನಲ್ಲಿ `DC` ಎಂದು ಬರೆದಿದ್ದರು. ನುಡಿಯಲ್ಲಿ `D` ಎಂದರೆ ಆ, `C` ಎಂದರೆ ಅ. ಪಠ್ಯವನ್ನಷ್ಟೇ ನಕಲಿಸಿ ಪರಿವರ್ತಿಸಿದಾಗ ಜಿಲ್ಲಾಧಿಕಾರಿಗಳು ‘ಆಅ’ ಆಗಿದ್ದರು! ಯಾವ ಪದ ಯಾವ ಫಾಂಟಿನಲ್ಲಿತ್ತು ಎಂಬ ಗುರುತು ವರ್ಡ್ ಕಡತದಲ್ಲಿ ಉಳಿದಿರುತ್ತದೆ, ಬರಿಯ ಪಠ್ಯದಲ್ಲಿ ಉಳಿಯುವುದಿಲ್ಲ. ಮೂಲ ಕಡತಕ್ಕೆ ಮರಳಿ, ನುಡಿ ಫಾಂಟಿನಲ್ಲಿದ್ದ ಭಾಗಗಳನ್ನು ಮಾತ್ರ ಪರಿವರ್ತಿಸಿದೆವು. ಆಮೇಲೆ ಸಂಘದ ಕಪಾಟಿನಲ್ಲಿದ್ದ ಅಚ್ಚಾದ ಪ್ರತಿಯನ್ನು ಅವರು ಗಟ್ಟಿಯಾಗಿ ಓದಿದರು, ನಾನು ಪರದೆಯ ಮೇಲೆ ಸಾಲು ಸಾಲಾಗಿ ತಾಳೆ ನೋಡಿದೆ.