ಬ್ಯೂಟಿ ಮೋಡ್ ಬಿಚ್ಚಿದ ಮೇಲೆಯೇ ಮುಂದಿನ ಕೆಲಸ

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯಿಂದ ಒಬ್ಬ ಅಕ್ಕ ಮುಂಬೈ ಮಾಟುಂಗಾದ ನನ್ನ ಸ್ಟುಡಿಯೋಗೆ ಬಂದಿದ್ದರು. ಅವರ ಅಮ್ಮ ತೀರಿಕೊಂಡು ಹತ್ತು ತಿಂಗಳಾಗಿತ್ತು. ವರ್ಷದ ತಿಥಿಗೆ 12×18 ಇಂಚಿನ ಫೋಟೊ ಬೇಕಿತ್ತು. ಅಮ್ಮ ನಗುತ್ತಿರುವ ಕೊನೆಯ ಚಿತ್ರ ಅಂದರೆ ಮೊಮ್ಮಗ ಬಾಲ್ಕನಿಯಲ್ಲಿ ತೆಗೆದ ಒಂದು ಸೆಲ್ಫಿ ಮಾತ್ರ. "ಕಣ್ಣಿನ ಕೆಳಗಿನ ಕಪ್ಪು ಸ್ವಲ್ಪ ತೆಗೀರಿ. ಸೀರೆ ಬಣ್ಣ ಎದ್ದು ಕಾಣ್ಲಿ. ಹಿಂದಿನದೆಲ್ಲ ಸಾದಾ ಮಾಡಿ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಅಣ್ಣಾ, ಯಾಕೋ ಇದು ಅಮ್ಮನ ಮುಖ ಅನ್ನಿಸ್ತಾನೇ ಇಲ್ಲ" ಅಂದರು.

ಅವರು ಹೇಳಿದ್ದು ನಿಜ. ಆ ಮುಖ ಮೊಬೈಲ್‌ನ ಬ್ಯೂಟಿ ಮೋಡ್ ಮಾಡಿದ ಮುಖವಾಗಿತ್ತು. ಕೆನ್ನೆ ಮೇಣದಂತೆ ನುಣುಪಾಗಿತ್ತು, ಬಣ್ಣ ಗುಲಾಬಿಗೆ ತಿರುಗಿತ್ತು, ದವಡೆ ಕಿರಿದಾಗಿತ್ತು. ಇಂಥ ಚಿತ್ರದ ಮೇಲೆ ನೇರವಾಗಿ ಕಪ್ಪು ತೆಗೆಯೋಕೆ, ಸೀರೆ ಹೊಳೆಯಿಸೋಕೆ ಹೋದರೆ ಕೆಲಸ ಕೆಡುತ್ತದೆ. ಯಾಕೆ ಅಂದರೆ, ಬ್ಯೂಟಿ ಮೋಡ್ ಚಿತ್ರಕ್ಕೆಲ್ಲ ಒಂದೇ ಸಮ ಕೈ ಹಾಕುವುದಿಲ್ಲ. ಮುಖ ಎಲ್ಲಿದೆ ಅಂತ ಗುರುತಿಸಿ ಅಲ್ಲಿನ ಚರ್ಮವನ್ನಷ್ಟೇ ನುಣುಪು ಮಾಡುತ್ತದೆ. ಕತ್ತು, ಕಿವಿ, ಕೈ ಸಾಮಾನ್ಯವಾಗಿ ಇದ್ದ ಹಾಗೇ ಉಳಿಯುತ್ತವೆ. ನಾವು ಆಮೇಲೆ ಕಾಂಟ್ರಾಸ್ಟ್ ಏರಿಸಿದರೆ ಕತ್ತಿನ ಗೆರೆಗಳು ಎದ್ದು ಬರುತ್ತವೆ, ಕೆನ್ನೆಯಲ್ಲಿ ಏಳೋಕೆ ಏನೂ ಇರುವುದಿಲ್ಲ. ಮುಖ ಬೇರೆ, ಮೈ ಬೇರೆ ಆಗಿ ಕಾಣುತ್ತದೆ. ದವಡೆಯ ಸುತ್ತ ಮೊಬೈಲ್ ಹಾಕಿದ ಮಾಸ್ಕ್‌ನ ಅಂಚು ಬಳೆಯ ಹಾಗೆ ಕಾಣತೊಡಗುತ್ತದೆ. ಹಿಂದೊಮ್ಮೆ ಒಬ್ಬ ಮದುಮಗಳ ಚಿತ್ರದಲ್ಲಿ ನನಗೆ ಹೀಗೇ ಆಗಿ, ಎರಡು ದಿನದ ಕೆಲಸ ಪೂರ್ತಿ ಅಳಿಸಿ ಮೊದಲಿನಿಂದ ಮಾಡಬೇಕಾಯಿತು.

ಫೋಟೊಶಾಪ್ ತೆರೆಯುವ ಮೊದಲು ಮೊಬೈಲನ್ನೇ ಹುಡುಕಬೇಕು. ಗ್ಯಾಲರಿಯಲ್ಲಿ 'ಮೂಲಕ್ಕೆ ಮರಳಿಸು' ಎಂಬ ಬಟನ್ ಇದ್ದರೂ ಅದು ತೆಗೆದ ನಂತರ ಮಾಡಿದ ಬದಲಾವಣೆಗಳನ್ನು ಮಾತ್ರ ವಾಪಸ್ ಮಾಡುತ್ತದೆ. ಕ್ಲಿಕ್ ಮಾಡುವಾಗಲೇ ಬ್ಯೂಟಿ ಮೋಡ್ ಆನ್ ಇದ್ದರೆ ಅದು ಜೆಪೆಗ್ ಒಳಗೇ ಬೆಂದು ಹೋಗಿರುತ್ತದೆ. ಆದ್ದರಿಂದ ನಾನು ಮೂರು ವಿಷಯ ಕೇಳುತ್ತೇನೆ. ಅದೇ ನಿಮಿಷದಲ್ಲಿ ತೆಗೆದ ಬೇರೆ ಚಿತ್ರ ಇದೆಯಾ? ಬೇರೆಯವರ ಮೊಬೈಲ್‌ನಲ್ಲಿ ಇದೆಯಾ? ಹಿಂದಿನ ಕ್ಯಾಮೆರಾದಲ್ಲಿ ತೆಗೆದದ್ದು ಇದೆಯಾ? ಇದ್ದರೆ ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ ಅನ್ನುತ್ತೇನೆ. ಫೋಟೊ ಅಂತ ಕಳಿಸಿದರೆ ಚಿತ್ರ ಇನ್ನೊಮ್ಮೆ ಹಿಂಡಿ ಹೋಗುತ್ತದೆ, ಉಳಿದಿದ್ದ ಅಷ್ಟಿಷ್ಟು ಚರ್ಮದ ವಿವರವೂ ಮಾಯ. ಮೊಮ್ಮಗನ ಮೊಬೈಲ್‌ನಲ್ಲಿ ಐದು ಚಿತ್ರಗಳಿದ್ದವು, ಐದೂ ಅದೇ ಮೋಡ್‌ನವು. ಆದರೆ ಅಕ್ಕನ ತಂಗಿಯ ಹತ್ತಿರ ಬೆಳಗಾವಿಯ ಒಂದು ಮದುವೆಯಲ್ಲಿ ಹಿಂದಿನ ಕ್ಯಾಮೆರಾದಿಂದ ತೆಗೆದ ಅಮ್ಮನ ಚಿತ್ರ ಸಿಕ್ಕಿತು. ನಗು ಇರಲಿಲ್ಲ. ಚರ್ಮ ಮಾತ್ರ ಹೇಗಿತ್ತೋ ಹಾಗೇ ಇತ್ತು. ಅದು ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಮೊದಲು ಆಕಾರ. ಮುಖ ಕಿರಿದು ಮಾಡಿದ್ದಾರಾ ಅಂತ ಮುಖ ನೋಡಿ ಹೇಳುವುದು ಕಷ್ಟ. ಅದರ ಪಕ್ಕದ ನೇರ ಗೆರೆ ನೋಡಬೇಕು. ಅಮ್ಮನ ಕಿವಿಯ ಪಕ್ಕದಲ್ಲೇ ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು ಇತ್ತು. ಮೇಲೂ ಕೆಳಗೂ ನೆಟ್ಟಗಿದ್ದ ಆ ಗೆರೆ ದವಡೆಯ ಹತ್ತಿರ ಮಾತ್ರ ಒಳಕ್ಕೆ ಬಾಗಿತ್ತು. ಮೊಬೈಲ್ ದವಡೆಯನ್ನು ಒಳಗೆ ಎಳೆಯುವಾಗ ಪಕ್ಕದ ಕಿಟಕಿಯನ್ನೂ ಎಳೆದಿದೆ, ಅಷ್ಟೇ. ಫೋಟೊಶಾಪ್‌ನಲ್ಲಿ ಆಕಾರ ತಳ್ಳಿ ಎಳೆಯುವ ಲಿಕ್ವಿಫೈನಲ್ಲಿ ದೊಡ್ಡ ಬ್ರಷ್ ಹಿಡಿದು ಚೌಕಟ್ಟು ನೆಟ್ಟಗಾಗುವ ತನಕ ಹೊರಗೆ ತಳ್ಳಿದೆ. ದವಡೆ ತಾನಾಗಿಯೇ ತನ್ನ ಜಾಗಕ್ಕೆ ಬಂತು. ಇಂಥ ಗೆರೆ ಇಲ್ಲದಿದ್ದರೆ ಬೇರೆ ಚಿತ್ರದ ಅಳತೆ ನೋಡಿಯೇ ಮಾಡಬೇಕು, ಅದೂ ಎರಡೂ ಚಿತ್ರದಲ್ಲಿ ಮುಖ ಒಂದೇ ಕಡೆ ತಿರುಗಿದ್ದರೆ ಮಾತ್ರ.

ಆಮೇಲೆ ಬಣ್ಣ. ನಿಜವಾದ ಗೋಜಲು ಇಲ್ಲಿಯೇ ಇತ್ತು. ಮಳೆಗಾಲದಲ್ಲಿ ಮುಂಬೈಯ ಎಷ್ಟೋ ಬಾಲ್ಕನಿಗಳು ನೀಲಿ ತಾಡಪತ್ರಿ ಹೊದ್ದಿರುತ್ತವೆ ಅಲ್ವಾ? ಈ ಬಾಲ್ಕನಿಯೂ ಹಾಗೇ. ಅದರಿಂದ ಸೋಸಿ ಬಂದ ನೀಲಿ ಬೆಳಕು ಇಡೀ ಚಿತ್ರದ ಮೇಲಿತ್ತು. ಮುಖದ ಮೇಲೆ ಬ್ಯೂಟಿ ಮೋಡ್ ಹಚ್ಚಿದ ಗುಲಾಬಿ ಬೇರೆ. ನೀಲಿ, ಗುಲಾಬಿ ಕೂಡಿ ಅಮ್ಮನ ಕೆನ್ನೆ ತೆಳು ನೇರಳೆಯಾಗಿತ್ತು. ಆ ನೇರಳೆ ನೋಡಿ ಇಡೀ ಚಿತ್ರಕ್ಕೆ ಹಳದಿ ಸುರಿದರೆ ಮುಖ ಸರಿಹೋಗುತ್ತದೆ, ಆದರೆ ಕ್ರೀಮ್ ಬಣ್ಣದ ಸೀರೆ ಸಾಸಿವೆ ಬಣ್ಣಕ್ಕೆ ಹೋಗುತ್ತದೆ. ಎರಡು ಛಾಯೆಗೆ ಎರಡು ಕಾರಣ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ, ಮೊದಲು ಇಡೀ ಚಿತ್ರದ್ದು, ಆಮೇಲೆ ಮುಖದ್ದು ತೆಗೆಯಬೇಕು.

ಇಡೀ ಚಿತ್ರದ ನೀಲಿ ತೆಗೆಯೋಕೆ ಬಣ್ಣವೇ ಇಲ್ಲದ ಒಂದು ಬೂದು ಜಾಗ ಬೇಕು. ಹೊಸಬರು ಕಣ್ಣಿನ ಬಿಳಿಯನ್ನೋ ಹಲ್ಲನ್ನೋ ಹಿಡಿಯುತ್ತಾರೆ. ಅವುಗಳನ್ನು ಬ್ಯೂಟಿ ಮೋಡ್ ಮೊದಲೇ ಬೆಳ್ಳಗೆ ಮಾಡಿರಬಹುದು, ನಂಬೋ ಹಾಗಿಲ್ಲ. ಹಿಂದೆ ಒಣಗುತ್ತಿದ್ದ ಬಿಳಿ ಪಂಚೆಯನ್ನೂ ನಾನು ಮುಟ್ಟಲಿಲ್ಲ. ನೀಲಿ ಹಾಕಿ ಒಗೆದ ಬಟ್ಟೆ ನಿಜಕ್ಕೂ ನಸುನೀಲಿ ಇರುತ್ತದೆ, ಅದನ್ನು ಬಿಳಿ ಅಂತ ಹೇಳಿದರೆ ಚಿತ್ರವೆಲ್ಲ ಹಳದಿಯಾಗುತ್ತದೆ. ಹೊಳಪಿಲ್ಲದ ಅಲ್ಯೂಮಿನಿಯಂ ಚೌಕಟ್ಟೇ ವಾಸಿ. ಒಂದು ಚುಕ್ಕೆಯನ್ನಲ್ಲ, 31×31 ಪಿಕ್ಸೆಲ್‌ನ ಸರಾಸರಿಯನ್ನು ಅಳೆದೆ. ಕೆಂಪು 118, ಹಸಿರು 126, ನೀಲಿ 141 ಬಂತು. ಒಂದೊಂದು ಬಣ್ಣವನ್ನೂ ಬೇರೆಯಾಗಿ ಏರಿಳಿಸುವ ಕರ್ವ್ಸ್‌ನಲ್ಲಿ ಮೂರನ್ನೂ 126ರ ಹತ್ತಿರಕ್ಕೆ ತಂದೆ. ಅಮ್ಮನ ನರೆಗೂದಲಲ್ಲಿದ್ದ ನೀಲಿ ಹೋಗಿ ಅದು ಕೂದಲಿನ ಹಾಗೆ ಕಂಡಿತು. ತಾಡಪತ್ರಿಯ ಕಡೆಗಿದ್ದ ಬಲಗೆನ್ನೆಯಲ್ಲಿ ಸ್ವಲ್ಪ ನೀಲಿ ಜಾಸ್ತಿ ಉಳಿದಿತ್ತು. ಅದಕ್ಕೆ ಅದೇ ಕರ್ವ್‌ನ ಇನ್ನೊಂದು ಪದರ, ಆ ಬದಿಗೆ ಮಾತ್ರ, ಮೆಲ್ಲಗೆ.

ಈಗ ಗುಲಾಬಿ. ಇದನ್ನು ಕಣ್ಣಿನ ಅಂದಾಜಿನಲ್ಲಿ ಮಾಡಬಾರದು. ಹತ್ತು ನಿಮಿಷ ನೋಡುತ್ತಾ ಕೂತರೆ ಕಣ್ಣಿಗೆ ಅದೇ ರೂಢಿಯಾಗುತ್ತದೆ. ಫೋಟೊಶಾಪ್‌ನ ಇನ್ಫೋ ಪ್ಯಾನೆಲ್‌ನಲ್ಲಿ Lab ಅಂಕಿ ಇಟ್ಟುಕೊಳ್ಳಿ. ಅದರಲ್ಲಿ L ಏರಿದರೆ ಬೆಳಕು ಜಾಸ್ತಿ, a ಏರಿದರೆ ಗುಲಾಬಿ ಜಾಸ್ತಿ, b ಏರಿದರೆ ಹಳದಿ ಜಾಸ್ತಿ. ನಮ್ಮ ಕಡೆಯವರ ಚರ್ಮದಲ್ಲಿ ಸಾಮಾನ್ಯವಾಗಿ b ಮುಂದಿರುತ್ತದೆ. ಅಮ್ಮನ ಕತ್ತಿನಲ್ಲಿ a 13, b 20 ಇತ್ತು. ಕೆನ್ನೆಯಲ್ಲಿ a 17, b 12. ಅಂದರೆ ತಲೆಕೆಳಗು. ಆದರೂ ಕೆನ್ನೆಯನ್ನು ಪೂರ್ತಿ ಕತ್ತಿನ ಅಂಕಿಗೆ ತರಬಾರದು. ಮುಖದಲ್ಲಿ ರಕ್ತದ ಓಡಾಟ ಜಾಸ್ತಿ, ಸ್ವಲ್ಪ ಕೆಂಪು ಇರುವುದೇ ಸಹಜ. ಬೆಳಗಾವಿಯ ಚಿತ್ರದಲ್ಲಿ ಅಮ್ಮನ ಕೆನ್ನೆ ಕತ್ತಿಗಿಂತ a ಎರಡು ಅಂಕಿ ಮುಂದಿತ್ತು. ಅದೇ ಅಂತರ ಇಟ್ಟುಕೊಂಡು a 15, b 19ಕ್ಕೆ ತಂದು ನಿಲ್ಲಿಸಿದೆ. ಕರ್ವ್ಸ್ ಪದರದ ಬ್ಲೆಂಡ್ ಮೋಡನ್ನು ಕಲರ್‌ಗೆ ಇಟ್ಟರೆ ಬಣ್ಣ ಮಾತ್ರ ಬದಲಾಗುತ್ತದೆ, ಬೆಳಕು ಅಲ್ಲಾಡುವುದಿಲ್ಲ. ಮಾಸ್ಕನ್ನು ಮುಖಕ್ಕೆ ಮಾತ್ರ ಬಿಡಿಸಿ, ಅಂಚನ್ನು ದವಡೆಯ ನೆರಳಿನಲ್ಲಿ ಕರಗಿಸಬೇಕು. ಮೊಬೈಲ್ ಮುಖವನ್ನು ಬಿಳುಪೂ ಮಾಡಿತ್ತು. ಅದಕ್ಕೆ ಲ್ಯೂಮಿನಾಸಿಟಿ ಮೋಡ್‌ನಲ್ಲಿ ಇನ್ನೊಂದು ಪದರ ಹಾಕಿ, L ಅಂಕಿಯನ್ನು 66ರಿಂದ 57ಕ್ಕೆ ಇಳಿಸಿದೆ.

ಇದೆಲ್ಲವನ್ನೂ 16 ಬಿಟ್‌ನಲ್ಲಿ ಮಾಡಿ. 8 ಬಿಟ್‌ನಲ್ಲಿ ಇಷ್ಟು ಎಳೆದಾಡಿದರೆ ನುಣುಪು ಕೆನ್ನೆಯ ಮೇಲೆ ಪಟ್ಟಿ ಪಟ್ಟಿ ಮೂಡುತ್ತವೆ. ಹಣೆಯ ಹೊಳಪಿನಲ್ಲಿ ಕೆಂಪು 255 ಮುಟ್ಟಿದ್ದರೆ ಅಲ್ಲಿ ವಾಪಸ್ ತರೋಕೆ ಬಣ್ಣವೇ ಉಳಿದಿರುವುದಿಲ್ಲ. ಪಕ್ಕದ ಚರ್ಮದ ಬಣ್ಣ ತೆಗೆದು ತೆಳುವಾಗಿ ಬಳಿಯಬೇಕು.

ಕೊನೆಗೆ ಚರ್ಮದ ನೇಯ್ಗೆ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಮೊಬೈಲ್ ಒರೆಸಿ ಹಾಕಿದ ರಂಧ್ರಗಳು, ಸುಕ್ಕುಗಳು ಆ ಚಿತ್ರದಿಂದ ಎಂದೂ ವಾಪಸ್ ಬರುವುದಿಲ್ಲ. ಶಾರ್ಪನ್ ಮಾಡಿದರೆ ಇಲ್ಲದ್ದು ಹುಟ್ಟುವುದಿಲ್ಲ, ಅಂಚುಗಳಿಗೆ ಬಿಳಿ ಗೆರೆ ಹತ್ತುತ್ತದೆ ಅಷ್ಟೇ. ಬೇರೆ ಕಡೆಯಿಂದ ಸಾಲ ತರಬೇಕು, ಅದನ್ನು ಮನೆಯವರಿಗೆ ಹೇಳಿಯೇ ತರಬೇಕು. ಗುರುತಿನ ಚೀಟಿಯ ಚಿತ್ರಕ್ಕಾದರೆ ನಾನು ಈ ಕೆಲಸ ಮಾಡುವುದೇ ಇಲ್ಲ. ಹೊಸದಾಗಿ ತೆಗೆಸಿಕೊಳ್ಳಿ ಅನ್ನುತ್ತೇನೆ.

ಬೆಳಗಾವಿಯ ಚಿತ್ರದಲ್ಲಿ ಕಣ್ಣಿನ ಹೊರ ಮೂಲೆಯಿಂದ ಹೊರ ಮೂಲೆಗೆ 560 ಪಿಕ್ಸೆಲ್, ಸೆಲ್ಫಿಯಲ್ಲಿ 410. ಹಾಗಾಗಿ ಅದನ್ನು 73 ಪರ್ಸೆಂಟ್‌ಗೆ ಇಳಿಸಿದೆ. ಈ ಲೆಕ್ಕ ಬಿಟ್ಟರೆ ರಂಧ್ರಗಳು ದೊಡ್ಡದಾಗಿ ಚರ್ಮ ಕಿತ್ತಳೆ ಸಿಪ್ಪೆಯಂತೆ ಕಾಣುತ್ತದೆ. ಆಮೇಲೆ ಆ ಪದರಕ್ಕೆ Filter > Other > High Pass, ರೇಡಿಯಸ್ 3 ಪಿಕ್ಸೆಲ್. ಬಣ್ಣ ತೆಗೆದು, ಲೀನಿಯರ್ ಲೈಟ್ ಮೋಡ್‌ನಲ್ಲಿ ಇಟ್ಟು, ಅಪಾಸಿಟಿ 40ರ ಸುತ್ತ. ಬೆಳಕಿನ ದಿಕ್ಕು ನೋಡಲೇಬೇಕು. ಎರಡೂ ಚಿತ್ರದಲ್ಲಿ ಎಡದಿಂದಲೇ ಬೆಳಕು ಬಂದದ್ದು ನಮ್ಮ ಪುಣ್ಯ. ದಿಕ್ಕು ಅದಲುಬದಲಾದರೆ ಉಬ್ಬು ತಗ್ಗಿನಂತೆ ಕಾಣುತ್ತದೆ. ನಗುವಾಗ ಕೆನ್ನೆ ಮೇಲೇರುತ್ತದಲ್ಲ, ಅದಕ್ಕೆ ಒಂದೇ ತುಂಡಾಗಿ ಅಂಟಿಸದೆ ಹಣೆ, ಎಡಗೆನ್ನೆ, ಬಲಗೆನ್ನೆ, ಗಲ್ಲ ಅಂತ ಬಿಡಿಸಿ ಕೂರಿಸಿದೆ. ಕಣ್ಣಂಚಿನ ನಗುವಿನ ಗೆರೆಗಳು ಬೆಳಗಾವಿಯ ಚಿತ್ರದಲ್ಲಿ ಇರಲಿಲ್ಲ. ಅಲ್ಲಿ ನಾನು ಕೈಯಾರೆ ಏನೂ ಬರೆಯಲಿಲ್ಲ, ಸೆಲ್ಫಿಯಲ್ಲಿ ಉಳಿದಿದ್ದ ಮಬ್ಬು ನೆರಳನ್ನೇ ಸ್ವಲ್ಪ ಗಾಢ ಮಾಡಿದೆ. ಮೂಗುತಿಯ ಪಕ್ಕದಲ್ಲಿ ಒಂದು ಸಣ್ಣ ಮಚ್ಚೆ ಇತ್ತು, ಮೊಬೈಲ್ ಅದನ್ನು ಕಲೆ ಅಂತ ತಿಳಿದು ಅಳಿಸಿತ್ತು. ಅದನ್ನು ಅದರ ಜಾಗದಲ್ಲಿ ಇಟ್ಟೆ. ಚಿತ್ರವನ್ನು ಪ್ರಿಂಟ್ ಅಳತೆಗೆ ಹಿಗ್ಗಿಸಿದ ಮೇಲೆ, ಕತ್ತಿನಲ್ಲಿದ್ದ ಸಣ್ಣ ಚುಕ್ಕೆಗಳಿಗೆ ಹೊಂದುವಷ್ಟು, ಒಂದೂವರೆ ಪರ್ಸೆಂಟ್ ಬಣ್ಣವಿಲ್ಲದ ನಾಯ್ಸ್ ಮುಖಕ್ಕೆ ಹಾಕಿ, ಅರ್ಧ ಪಿಕ್ಸೆಲ್ ಮಬ್ಬು ಮಾಡಿದೆ.

ಅಕ್ಕ ಕೇಳಿದ್ದ ಕೆಲಸ ಆಮೇಲೆ ಶುರು. ಹಿನ್ನೆಲೆ ಸಾದಾ ಮಾಡಿದೆ, ಸೀರೆಯ ಅಂಚಿನ ಹಸಿರನ್ನು ಸ್ವಲ್ಪ ಏರಿಸಿದೆ. ಕಣ್ಣಿನ ಕೆಳಗಿನ ಕಪ್ಪನ್ನು ಮೂರನೇ ಒಂದು ಭಾಗದಷ್ಟು ತಿಳಿ ಮಾಡಿ ಸ್ಕ್ರೀನ್‌ನಲ್ಲಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಕಪ್ಪು ಇನ್ನೂ ಸ್ವಲ್ಪ ಇರ್ಲಿ ಬಿಡಿ, ಅಮ್ಮನಿಗೆ ಇತ್ತು" ಅಂದರು. ತಿಳಿ ಮಾಡಿದ್ದರಲ್ಲಿ ಅರ್ಧವನ್ನು ವಾಪಸ್ ತಂದೆ.

ಪ್ರಿಂಟ್ ಒಯ್ಯಲು ಮೊಮ್ಮಗನೇ ಬಂದಿದ್ದ. ಅವನ ಮೊಬೈಲ್ ಇಸಿದುಕೊಂಡು ನೋಡಿದೆ. ಫೋಟೊ ಮೋಡ್‌ನಲ್ಲಿ ಬ್ಯೂಟಿ ಸ್ಲೈಡರನ್ನು ಸೊನ್ನೆಗೆ ತಂದಿದ್ದ. ಪೋರ್ಟ್ರೇಟ್‌ನಲ್ಲೂ ವಿಡಿಯೋದಲ್ಲೂ ಬೇರೆ ಬೇರೆ ಸ್ಲೈಡರ್‌ಗಳಿದ್ದವು, ಎರಡೂ ಅರ್ಧಕ್ಕೆ ನಿಂತಿದ್ದವು. ಅವೆರಡನ್ನೂ ಸೊನ್ನೆ ಮಾಡಿ, ಕಿಟಕಿಯ ಬೆಳಕಿನಲ್ಲಿ ಅವನದೇ ಒಂದು ಸೆಲ್ಫಿ ತೆಗೆಸಿದೆ. ಕಿವಿಯ ಮುಂದಿನ ಕೆನ್ನೆಯನ್ನು ಹಿಗ್ಗಿಸಿ ನೋಡಿದರೆ ಅಲ್ಲಿನ ಸಣ್ಣ ಕೂದಲು ಒಂದೊಂದಾಗಿ ಕಾಣುತ್ತಿತ್ತು.